ಪಂಡಿತರ ಚರಿತೆಯಲ್ಲಿ ಶಿಷ್ಯರ ಸಾಲು

೧೯೪೨ರ ಬೇಸಿಗೆ. ನಮ್ಮ ನಿಜಾಮರ ಸರ್ಕಾರದ ಕಾಗದಪತ್ರಗಳಲ್ಲಿ ಅದು ಫಸಲಿ ೧೩೫೧. ಪಂಚಾಂಗ ನೋಡುವವರಿಗೆ ಚಿತ್ರಭಾನು ಸಂವತ್ಸರ. ನಾನು ಆಗ ಕೊಪ್ಪಳದ ಒಂದು ಸಣ್ಣ ಅಚ್ಚುಕೂಟದಲ್ಲಿ ಹಿರಿಯ ಕಂಪಾಜಿಟರ್. ಸೀಸದ ಅಕ್ಷರಗಳನ್ನು, ಅಂದರೆ ಮೊಳೆಗಳನ್ನು, ಒಂದೊಂದಾಗಿ ಕೈಯಿಂದ ಆರಿಸಿ ಸಾಲು ಕಟ್ಟುವುದು ನನ್ನ ಕೆಲಸ. ಸಾಲಿ ಬಿಟ್ಟದ್ದು ನಾಲ್ಕನೆಯ ಇಯತ್ತೆಗೆ. ಅಪ್ಪ ತೀರಿಕೊಂಡಿದ್ದ, ಅಣ್ಣ ಬಸಣ್ಣ ಒಬ್ಬನೇ ನೇಗಿಲು ಹಿಡಿದಿದ್ದ, ಮನೆಗೆ ಇನ್ನೊಂದು ಜೋಡಿ ಕೈ ಬೇಕಿತ್ತು. ಅದಕ್ಕಾಗಿ ನನಗೆ ಎಂದೂ ನಾಚಿಕೆಯಾಗಿಲ್ಲ. ನಾನು ಕಟ್ಟಿದ ಫಾರಮ್ಮಿನಲ್ಲಿ, ಅಂದರೆ ಅಚ್ಚಿಗೆ ಬಿಗಿದ ಪುಟಗಳಲ್ಲಿ, ತಪ್ಪು ಹುಡುಕಲು ಬಂದವರು ಚಹಾ ಕುಡಿದು ಹೋಗಿದ್ದಾರೆಯೇ ಹೊರತು ತಪ್ಪು ಹಿಡಿದು ಹೋಗಿಲ್ಲ.

ಆ ವರ್ಷ ನಮ್ಮ ಕೈಗೆ ಬಂದ ದೊಡ್ಡ ಕೆಲಸ ಕುಷ್ಟಗಿಯ ಚನ್ನವೀರಯ್ಯ ಮಾಸ್ತರರದು. ಅವರು ಕೆಲಸದಿಂದ ನಿವೃತ್ತರಾದ ಮೇಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಈ ನಾಲ್ಕು ಸೀಮೆಯ ವಿದ್ವಾಂಸರ ಚರಿತೆಯನ್ನು ಹಳೆಯ ಕ್ರಮದಲ್ಲಿ ಬರೆಯಲು ಹೊರಟಿದ್ದರು. ಒಬ್ಬೊಬ್ಬರಿಗೆ ಒಂದು ಪುಟ, ಹೆಚ್ಚೆಂದರೆ ಎರಡು. ಯುದ್ಧದ ಕಾಲ, ಕಾಗದ ಸಿಗುವುದೇ ದುಸ್ತರ. ಒಮ್ಮೆ ಅಚ್ಚಾದ ಹಾಳೆಯನ್ನು ಹರಿದು ಮತ್ತೊಮ್ಮೆ ಅಚ್ಚು ಹಾಕುವ ಮಾತೇ ಇರಲಿಲ್ಲ.

ಹಳೆಯ ಕ್ರಮ ಎಂದರೆ ಏನೆಂದು ಮಾಸ್ತರರೇ ನನ್ನ ಮೊಳೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ತಿಳಿಸಿದ್ದರು. ಮೊದಲು ಹೆಸರು, ಊರು, ಹುಟ್ಟಿದ ಸಂವತ್ಸರ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ, ಯಾವ ಸುತ್ತಿನದು ಎಂಬುದನ್ನು ಗುರುವಿನ ವಯಸ್ಸಿನಿಂದಲೋ ಶಿಷ್ಯನ ವಯಸ್ಸಿನಿಂದಲೋ ಗೊತ್ತುಮಾಡಬೇಕು. ಆಮೇಲೆ ಗುರುಗಳು: ಯಾರ ಬಳಿ ಯಾವ ಶಾಸ್ತ್ರ, ಎಲ್ಲಿಯವರೆಗೆ. ಆಮೇಲೆ ಸಂಚಾರ. ಆಮೇಲೆ ನಡೆ, ಅಂದರೆ ಅವರು ಬದುಕಿದ ಹಾಗೂ ಕಲಿಸಿದ ರೀತಿ. ಆಮೇಲೆ ಶಿಷ್ಯರು, ಆಮೇಲೆ ಗ್ರಂಥಗಳು, ಕೊನೆಗೆ ಲಿಂಗೈಕ್ಯವಾದ ತಿಥಿ. ಗ್ರಂಥದ ಹೆಸರಿನ ಮುಂದೆ ‘ಕಂಡದ್ದು’ ಎಂದಿದ್ದರೆ ಮಾಸ್ತರರು ಓಲೆಯನ್ನೋ ಪ್ರತಿಯನ್ನೋ ಕಣ್ಣಾರೆ ನೋಡಿದ್ದಾರೆ. ‘ಕೇಳಿದ್ದು’ ಎಂದಿದ್ದರೆ ನೋಡಿಲ್ಲ.

ಎಲ್ಲಕ್ಕಿಂತ ಬಿಗಿ ಶಿಷ್ಯರ ಸಾಲಿನದು. ಅಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆಯೂ ಇಲ್ಲ. ಎಲ್ಲವನ್ನೂ ಕ್ರಿಯಾಪದವೇ ಹೇಳಬೇಕು. ‘ಕಂಡರು’ ಎಂದರೆ ದರ್ಶನ ಮಾಡಿದರು, ಅಷ್ಟೇ. ‘ಬಳಿಯಲ್ಲಿದ್ದರು’ ಎಂದರೆ ಮನೆಯಲ್ಲಿ ಉಂಡು ಸೇವೆ ಮಾಡಿದರು. ‘ಓದಿದರು’ ಎಂದರೆ ಎದುರಿಗೆ ಕೂತು ಪಾಠ ಹೇಳಿಸಿಕೊಂಡರು. ‘ಓದಿ ಒಪ್ಪಿಸಿದರು’ ಎಂದರೆ ಹೇಳಿಸಿಕೊಂಡದ್ದನ್ನು ತಿರುಗಿ ಗುರುವಿಗೆ ಹೇಳಿ ತೋರಿಸಿದರು. ‘ಅನುಜ್ಞೆ ಪಡೆದರು’ ಎಂದರೆ ಇನ್ನು ನೀನು ಮಾಡಬಹುದು, ಕಲಿಸಬಹುದು ಎಂಬ ಮಾತು ಗುರುವಿನ ಬಾಯಿಂದಲೇ ಬಂತು.

“ದ್ಯಾಮಣ್ಣ, ಒಬ್ಬ ವೈದ್ಯ ಸತ್ತ ಮ್ಯಾಲೆ ಅವನ ವಿದ್ಯಾ ಯಾರ ಕೈಯಾಗ ಅದ ಅಂತ ಜನರಿಗೆ ಹ್ಯಾಂಗ ತಿಳೀಬೇಕು? ಈ ಸಾಲೇ ಹೇಳಬೇಕು” ಎಂದಿದ್ದರು ಮಾಸ್ತರರು.

ಆ ಮಾತು ನನ್ನ ಮನೆಗೇ ಬಂದು ಮುಟ್ಟುತ್ತದೆ ಎಂದು ನಾನು ಎಣಿಸಿರಲಿಲ್ಲ.

ಹನುಮಸಾಗರದ ಸಿದ್ಧಮಲ್ಲ ಪಂಡಿತರು ನಮ್ಮ ಕಡೆ ಹೆಸರುವಾಸಿ ವೈದ್ಯರಾಗಿದ್ದವರು. ಸಿದ್ಧಾರ್ಥಿ ಸಂವತ್ಸರದಲ್ಲಿ, ಅಂದರೆ ೧೯೧೯ರ ಕೊನೆಗೆ ಲಿಂಗೈಕ್ಯರಾಗಿದ್ದರು. ಬೇರು ನಾರಿನ ಔಷಧವನ್ನು ಬಹಳ ಜನ ಬಲ್ಲರು. ಪಂಡಿತರ ಹೆಸರು ನಿಂತದ್ದು ರಸಶಾಸ್ತ್ರದಿಂದ. ಪಾದರಸವನ್ನು ಗಂಧಕದೊಡನೆ ಕಲ್ವವೆಂಬ ಕಲ್ಲಿನ ಒರಳಿನಲ್ಲಿ ದಿನಗಟ್ಟಲೆ ಅರೆದು, ಕಪ್ಪು ಪುಡಿ ಮಾಡಿ, ಮುಂದೆ ಬೆಂಕಿಗಿಟ್ಟು ಪಾಕ ಮಾಡುವ ವಿದ್ಯೆ ಅದು. ಕೈ ತಪ್ಪಿದರೆ ಅದೇ ವಿಷ.

ಅವರ ಶಿಷ್ಯರೆಂದು ಈಗ ಪ್ರಸಿದ್ಧರಾಗಿದ್ದವರು ಗಂಗಾವತಿಯ ವಿರೂಪಣ್ಣ ವೈದ್ಯರು. ಐವತ್ತರ ಆಸುಪಾಸಿನ ಎತ್ತರದ ಆಳು, ಬಿಳಿ ರುಮಾಲು, ಗಟ್ಟಿ ಧ್ವನಿ. ಬಡವರ ಮನೆಗೆ ಕರೆದರೆ ನಡೆದೇ ಹೋಗುತ್ತಿದ್ದರು. ಮಾಸ್ತರರು ಅವರನ್ನು ವಿಚಾರಿಸಿದಾಗ, ಎಂಟು ವರ್ಷ ಪಂಡಿತರ ಮನೆಯಲ್ಲಿದ್ದೆ, ರಸವಿದ್ಯೆ ಎಲ್ಲ ಕಲಿತೆ, ಗುರುಗಳ ಆಶೀರ್ವಾದವೂ ಆಯಿತು ಎಂದು ಹೇಳಿದ್ದರು. ಮಾಸ್ತರರು ಅದನ್ನು ತಮ್ಮ ಕ್ರಮದ ಮಾತಿನಲ್ಲಿ ಬರೆದುಕೊಂಡು, ಜತೆಗೆ ಎರಡು ಶಬ್ದ ಸೇರಿಸಿದ್ದರು. ನಾನು ಜೋಡಿಸಿದ ಸಾಲು ಇದು: ‘ಗಂಗಾವತಿಯ ವಿರೂಪಣ್ಣನವರು, ತಾವೇ ಹೇಳುವಂತೆ, ರಸಶಾಸ್ತ್ರವನ್ನು ಓದಿ ಒಪ್ಪಿಸಿ ಅನುಜ್ಞೆ ಪಡೆದರು.’ ಪಂಡಿತರ ಸೋದರ ಸೊಸೆ ಯಲಬುರ್ಗಿಯ ಶಿವಗಂಗವ್ವನ ಹೆಸರು ಅದರ ಕೆಳಗಿತ್ತು: ‘ಮನೆಯವರಾಗಿ ಬಳಿಯಲ್ಲಿದ್ದರು.’ ಮಾಸ್ತರರು ಆ ಅವ್ವನನ್ನು ಕೇಳಿದಾಗ, “ನಾ ಅವರ ಮನ್ಯಾಗಿದ್ದೆ, ಅಷ್ಟ ಬರಕೋ” ಎಂದು ಹೇಳಿ ಕದ ಮುಂದೆ ಮಾಡಿದ್ದಳಂತೆ.

ಈಗ ಅಣ್ಣನ ವಿಷಯ. ಬಸಣ್ಣ ನಮ್ಮೂರು ಇರಕಲ್ಲಗಡದಲ್ಲೇ ಹೊಲ ಮಾಡಿಕೊಂಡಿದ್ದ. ಎರಡು ವರ್ಷದಿಂದ ಅವನ ಮೊಣಕಾಲು ಕೀಲುಗಳು ಬಾತು, ಬೆಳಿಗ್ಗೆ ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯುತ್ತಿದ್ದ. ಕೂರಿಗೆ ಹಿಂದೆ ನಡೆಯಲಾರದೆ ಹಿಂದಿನ ವರ್ಷ ಬಿತ್ತನೆಗೆ ಆಳು ಹಚ್ಚಿದ್ದ. ನನ್ನ ಪಾಲಿನ ಕೆಲಸವನ್ನೂ ತಾನೇ ಮಾಡಿ ನನ್ನನ್ನು ಕೊಪ್ಪಳಕ್ಕೆ ಕಳಿಸಿದವನು ಅವನು. ವಿರೂಪಣ್ಣನವರು ನೋಡಿ, ರಸದ ಪುಡಿ ನಲವತ್ತೆಂಟು ದಿನ ತಿನ್ನಬೇಕು ಎಂದರು. ಅಣ್ಣ ಅನುಮಾನಿಸುತ್ತಿದ್ದ. ಒಂದು ಭಾನುವಾರ ನಾನು ಊರಿಗೆ ಹೋದಾಗ, ಪಂಡಿತರ ಚರಿತೆಯ ಕರಡಚ್ಚು ನನ್ನ ಚೀಲದಲ್ಲಿತ್ತು. ಓದು ಎಂದ, ಓದಿದೆ.

“ಅಚ್ಚಾಗೇತೇನ ಇದು?” ಎಂದ.

“ಕರಡಣ್ಣ. ಇನ್ನೂ ತಿದ್ದೂದು ಐತಿ.”

“ತಿದ್ದೂದು ಏನು? ಅಕ್ಷರಾ ಮೂಡ್ಯಾವಲ್ಲ. ಅನುಜ್ಞೆ ಐತಿ ಅಂತ ಬರದೈತಿ. ಸಾಕು ಬಿಡು ತಮ್ಮಾ, ತಿಂತೀನಿ.”

ತಾವೇ ಹೇಳುವಂತೆ ಎಂಬ ಶಬ್ದಗಳನ್ನು ಮತ್ತೊಮ್ಮೆ ಒತ್ತಿ ಓದಿದೆ. ಅವನು ನಕ್ಕ. “ತಾನು ಹೇಳಲಾರದ ಮತ್ಯಾರು ಹೇಳಬೇಕು, ಎತ್ತು ಹೇಳತೈತೇನ?”

ಅದೇ ವಾರ ಗಂಗಾವತಿಯ ಭತ್ತದ ವ್ಯಾಪಾರಿಯೊಬ್ಬ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದಿದ್ದ. ಮಾತಿಗೆ ಮಾತು ಬಂದು, ತಮ್ಮ ಓಣಿಯ ಗಾಣಿಗರ ಮನೆಯಲ್ಲಿ ಒಬ್ಬ ವಿರೂಪಣ್ಣನವರ ಪುಡಿ ತಿನ್ನುತ್ತಿದ್ದಾನೆ, ವಸಡು ಬಾತಿವೆ, ಬಾಯಿಂದ ಹಗಲೆಲ್ಲ ಜೊಲ್ಲು ಸುರಿಯುತ್ತದೆ ಎಂದ. “ವೈದ್ಯರು ಅಂತಾರ, ಒಳಗಿನ ದೋಷ ಹೊರಗ ಬರಾಕತ್ತೈತಿ, ಅಂಜಬ್ಯಾಡ ಅಂತ. ನಮಗೇನು ತಿಳೀತೈತ್ರಿ?”

ಕೈಯಲ್ಲಿದ್ದ ಮೊಳೆಯನ್ನು ಪೆಟ್ಟಿಗೆಗೆ ಹಾಕಿ ಎದ್ದೆ. ಮಾಸ್ತರರಿಗೆ ಹೇಳಿದೆ. “ನಾನು ವೈದ್ಯ ಅಲ್ಲ. ಅಂವಗ ವಿದ್ಯಾ ಇಲ್ಲ ಅಂತ ನಾ ಬರಿಯಾಕ ಬರೂದಿಲ್ಲ, ಐತಿ ಅಂತ ಆಣಿ ಮಾಡಾಕೂ ಬರೂದಿಲ್ಲ. ಗದ್ದಿಗಿ ಮುಂದ ಓದ್ತೀವಲ್ಲ, ಅಲ್ಲಿ ತೀರ್ತದ” ಎಂದರು.

ಗದ್ದಿಗೆಯ ಮುಂದೆ ಓದುವುದು ಮಾಸ್ತರರು ಇಟ್ಟುಕೊಂಡಿದ್ದ ನೇಮ. ಯಾವ ವಿದ್ವಾಂಸರ ಚರಿತೆಯೇ ಆಗಲಿ, ಅವರ ಸಮಾಧಿ ಇರುವ ಊರಿನಲ್ಲಿ, ಅವರನ್ನು ಬಲ್ಲವರು ಕೂಡಿದ ಕಡೆ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಯಾರಾದರೂ ಅಡ್ಡ ನುಡಿದರೆ ಅದನ್ನೂ ಬರೆಯಬೇಕು. ಯಾರೂ ನುಡಿಯದಿದ್ದರೆ ಆ ಮಾತು ಒಪ್ಪಿತವಾಯಿತು, ಮಷೀನಿಗೆ ಹೋಗಬಹುದು. ವಿರೂಪಣ್ಣನವರ ಕೋರಿಕೆಯೂ ಅದೇ ಆಗಿತ್ತು: ಯಾರೂ ಇಲ್ಲವೆನ್ನದಿದ್ದರೆ ‘ತಾವೇ ಹೇಳುವಂತೆ’ ಎಂಬುದನ್ನು ತೆಗೆದುಬಿಡಬೇಕು. ಮಾಸ್ತರರು ಒಪ್ಪಿದ್ದರು, ನೇಮ ಎಂದರೆ ನೇಮ.

ಅಷ್ಟರಲ್ಲಿ ಅಣ್ಣನಿಗೆ ವೈದ್ಯರಿಂದ ಹೇಳಿಕೆ ಬಂದಿತ್ತು. ಮೊದಲ ಪುಡಿಯನ್ನು ಅದೇ ದಿನ, ಪಂಡಿತರ ಗದ್ದಿಗೆಯ ಮುಂದೆ, ಓದು ಮುಗಿದೊಡನೆ ತಿನ್ನು, ಗುರುವಿನ ಕೃಪೆ ಇರುತ್ತದೆ ಎಂದು. ಅಣ್ಣ ಅಂಗಿಯ ಒಳಕಿಸೆಯಲ್ಲಿ ಪೊಟ್ಟಣ ಇಟ್ಟುಕೊಂಡು ನಮ್ಮ ಜತೆಗೇ ಹೊರಟ. ಕುಷ್ಟಗಿಯವರೆಗೆ ಮೋಟಾರು, ಅಲ್ಲಿಂದ ಚಕ್ಕಡಿ. ದಾರಿಯುದ್ದಕ್ಕೂ ನಾನು ಗಾಣಿಗರವನ ಜೊಲ್ಲಿನ ಸಂಗತಿ ಹೇಳಿ ಬೇಡಿಕೊಂಡೆ.

“ಒಂದು ವಾರ ತಡಿ ಅಣ್ಣ.”

“ವಾರ ತಡದ್ರ ಮಳಿ ತಡೀತೈತೇನ? ನೀ ನಿನ್ನ ಮೊಳಿ ನೋಡಿಕೋ, ನನ್ನ ಮೊಣಕಾಲು ನನಗಿರಲಿ.”

ಚಕ್ಕಡಿ ಕುಲುಕಿದಾಗಲೆಲ್ಲ ಅವನು ಹಲ್ಲು ಕಚ್ಚುತ್ತಿದ್ದ.

ಹನುಮಸಾಗರದಲ್ಲಿ ಪಂಡಿತರ ಗದ್ದಿಗೆ ಊರ ಹೊರಗೆ, ಬೇವಿನ ಮರದ ಕೆಳಗೆ. ಬೆಳಗಿನ ಹೊತ್ತು. ಹಾಸಿದ ಜಮಖಾನದ ಮೇಲೆ ಹತ್ತಿಪ್ಪತ್ತು ಜನ ಹಿರಿಯರು ಕೂತಿದ್ದರು. ವಿರೂಪಣ್ಣನವರು ಗದ್ದಿಗೆಗೆ ಸಾಷ್ಟಾಂಗ ಬಿದ್ದು ಎದ್ದರು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರಾಗಿರಲಿಲ್ಲ. ಶಿವಗಂಗವ್ವ ಯಲಬುರ್ಗಿಯಿಂದ ಬಂದು ಮರದ ಬೊಡ್ಡೆಗೆ ಆತು ಕೂತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಹಣೆಯ ತುಂಬ ವಿಭೂತಿ, ಯಾರನ್ನೂ ನೋಡದೆ ಎಲ್ಲರನ್ನೂ ನೋಡುವ ಕಣ್ಣು.

ಮಾಸ್ತರರು ಕನ್ನಡಕ ಏರಿಸಿ ಆರಂಭಿಸಿದರು. ನಾನು ಪಕ್ಕದಲ್ಲಿ ಕರಡಚ್ಚಿನ ಇನ್ನೊಂದು ಪ್ರತಿ, ಸೀಸಕಡ್ಡಿ ಹಿಡಿದು ಕೂತಿದ್ದೆ.

“ಸಿದ್ಧಮಲ್ಲ ಪಂಡಿತರು. ಹನುಮಸಾಗರದವರು. ಪ್ರಮಾದೀಚ ಸಂವತ್ಸರದ ಶ್ರಾವಣದಲ್ಲಿ ಜನಿಸಿದರು...”

“ಆನಂದ ಸಂವತ್ಸರ್ರೀ ಅದು!” ಎಂದು ಒಬ್ಬ ಮುದುಕ ಎದ್ದ. “ನಮ್ಮಪ್ಪ, ಅವರು ಒಂದ ವಾರಿಗಿ. ನಮ್ಮಪ್ಪ ಆನಂದದಾಗ ಹುಟ್ಟಿದ್ದು.”

“ನಿಮ್ಮಪ್ಪ ತಾ ಹುಟ್ಟಿದ್ದು ತಾ ನೋಡಿದ್ನೇನೋ?” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಮಾಸ್ತರರು ನಗದೆ, “ಆನಂದವೆಂದೂ ಕೆಲವರು” ಎಂದು ಹೇಳಿ ನನ್ನಿಂದ ಅಂಚಿನಲ್ಲಿ ಬರೆಸಿದರು. ಎರಡಕ್ಕೂ ಒಂದೇ ವರ್ಷದ ಅಂತರ, ಎರಡೂ ನಿಂತವು.

ಓದು ಮುಂದುವರಿಯಿತು. “ತಂದೆ ಈರಯ್ಯ, ತಾಯಿ ಗುರವ್ವ. ಅಕ್ಷರವನ್ನು ತಂದೆಯಿಂದ, ವ್ಯಾಕರಣ ಕಾವ್ಯಗಳನ್ನು ಯಲಬುರ್ಗಿಯ ರುದ್ರಮುನಿ ಶಾಸ್ತ್ರಿಗಳಿಂದ ಪೂರ್ಣವಾಗಿ, ನಾಡಿಯನ್ನು ಕೊಪ್ಪಳದ ಹಕೀಮರೊಬ್ಬರಿಂದ ಎರಡು ಮಳೆಗಾಲ ಓದಿದರು. ರಸಶಾಸ್ತ್ರವನ್ನು ಆನೆಗೊಂದಿಯ ಗುಡ್ಡದ ಗವಿಯಲ್ಲಿದ್ದ ಅಲ್ಲಮಯ್ಯನವರಿಂದ ಓದಿ ಒಪ್ಪಿಸಿ ಅನುಜ್ಞೆ ಪಡೆದರು. ಶ್ರೀಶೈಲ, ಪಂಢರಪುರ, ಕಾಶಿಗಳನ್ನು ಕಂಡರು; ಕಾಶಿಯಲ್ಲಿ ಒಂದು ಚಾತುರ್ಮಾಸ್ಯ ನಿಂತು, ಅಲ್ಲಿಯವರ ಪಾಕಕ್ರಮವನ್ನು ನೋಡಿ, ತಮ್ಮ ಗುರುವಿನದನ್ನು ಬಿಡದೆ ಮರಳಿದರು.”

“ಹಕೀಮರ ಹೆಸರ ಯಾಕ ಇಲ್ರಿ?” ಎಂದು ಯಾರೋ ಕೇಳಿದರು.

“ಯಾರಿಗೂ ನೆನಪಿಲ್ಲ. ನೆನಪಿದ್ದವರು ಹೇಳ್ರಿ, ಈಗ ಹಾಕ್ತೀನಿ.” ಯಾರೂ ಹೇಳಲಿಲ್ಲ. ಒಬ್ಬ ಮಾತ್ರ, ಪಂಡಿತರಿಗೆ ಮಿರ್ಚಿ ಬಜಿ ಅಂದರೆ ಪ್ರಾಣ, ಅದನ್ನು ಹಾಕಬೇಕು ಎಂದು ಹಟ ಹಿಡಿದ. “ರೋಗಿಗೆ ಪಥ್ಯ ಹೇಳಿ ತಾವು ಒಳಗ ಹೋಗಿ ತಿಂತಿದ್ರು, ದೇವರಾಣಿ.”

ನಕ್ಕು ಮುಗಿಯುವ ಹೊತ್ತಿಗೆ ಅಣ್ಣ ತನ್ನ ಕಿಸೆಯಿಂದ ಪೊಟ್ಟಣ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದ. ಮಗ್ಗುಲಲ್ಲಿ ನೀರಿನ ತಂಬಿಗೆ.

ಮಾಸ್ತರರು ನಡೆಯ ಭಾಗಕ್ಕೆ ಬಂದರು. ಧ್ವನಿ ಏರಿಸಲಿಲ್ಲ, ಇಳಿಸಲಿಲ್ಲ. “ಪಂಡಿತರು ತಾವು ಅರೆದ ರಸವನ್ನು ಮೊದಲು ನೀರಿನ ಮೇಲೆ ತೇಲಿಸಿ ನೋಡುವರು, ಅನಂತರ ನಿಂಬೆಯ ರಸ ಹಚ್ಚಿದ ತಾಮ್ರದ ಮೇಲೆ ತಿಕ್ಕಿ ನೋಡುವರು, ಪಾಕ ಮುಗಿದ ಮೇಲೆ ಮೊದಲ ತುತ್ತನ್ನು ತಾವೇ ತಿನ್ನುವರು. ಇದನ್ನು ಮಾಡದೆ ಯಾವ ರೋಗಿಗೂ ಕೊಡರು. ಶಿಷ್ಯರಿಗೂ ಇದೇ ಕಟ್ಟಳೆ.” ಹನುಮಸಾಗರದ ಮೂವರು ಹಿರಿಯರು ಬೇರೆ ಬೇರೆಯಾಗಿ ಹೇಳಿದ್ದನ್ನೇ ಅವರು ಬರೆದಿದ್ದರು. ಈಗ ಆ ಮೂವರೂ ತಲೆಯಾಡಿಸಿದರು. ಮಾಸ್ತರರು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಹೋದರು. “ಶಿಷ್ಯರು. ಗಂಗಾವತಿಯ ವಿರೂಪಣ್ಣನವರು, ತಾವೇ ಹೇಳುವಂತೆ, ರಸಶಾಸ್ತ್ರವನ್ನು ಓದಿ ಒಪ್ಪಿಸಿ ಅನುಜ್ಞೆ ಪಡೆದರು.”

ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದರು. “ಅಡ್ಡ ನುಡಿಯೂರು ಯಾರರ ಇದ್ದೀರೇನು?”

ಯಾರೂ ಮಾತಾಡಲಿಲ್ಲ. ನಾನು ಶಿವಗಂಗವ್ವನನ್ನು ನೋಡಿದೆ. ಆಕೆ ಕೈಯಲ್ಲಿದ್ದ ಕಡ್ಡಿಯಿಂದ ನೆಲ ಕೆರೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಕಟ್ಟಳಿ ಶಿಷ್ಯರಿಗೂ ಅದ ಅಂತ ಈಗ ಓದಿದ್ರಿ” ಎಂದೆ. “ನಮ್ಮಣ್ಣನ ಕೈಯಾಗ ವೈದ್ಯರು ಕೊಟ್ಟ ಪುಡಿ ಐತಿ. ಕಟ್ಟಳಿ ಪ್ರಕಾರ ಆಗಿಬಿಡ್ಲಿ. ಆಮ್ಯಾಲೆ ಆ ಎರಡು ಶಬ್ದ ನಾನ ತಗೀತೀನ್ರಿ.”

“ದ್ಯಾಮ್ಯಾ!” ಎಂದು ಅಣ್ಣ ಗದರಿದ. ಹಿರಿಯರ ನಡುವೆ ಗುಜುಗುಜು ಎದ್ದಿತು. ವೈದ್ಯರ ಮರ್ಯಾದೆ ಕಳೆದೆ ಎಂದು ಕೆಲವರ ಮುಖ ಬಿಗಿಯಿತು.

ವಿರೂಪಣ್ಣನವರು ಮಾತ್ರ ಸಿಟ್ಟಾಗಲಿಲ್ಲ. ಎದ್ದು ತೋಳು ಏರಿಸಿದರು. “ಆಗ್ಲೇಳ್ರಿ! ಇದನ್ನ ಕೇಳೂರ ಇರಲಿಲ್ಲ ಇಷ್ಟು ದಿವಸ. ತರ್ರಿ ನೀರು. ತಾಮ್ರದ್ದು ಏನರ ತರ್ರಿ.”

ಗದ್ದಿಗೆಯ ಪೂಜೆಗೆ ಇಟ್ಟಿದ್ದ ತಾಮ್ರದ ತಟ್ಟೆ ಬಂತು, ನಿಂಬೆಹಣ್ಣು ಬಂತು. ಅಣ್ಣ ಪೊಟ್ಟಣ ಬಿಚ್ಚಿ ಕೊಟ್ಟ. ಒಳಗೆ ಕಾಡಿಗೆಯಂಥ ಕಪ್ಪು ಪುಡಿ. ವೈದ್ಯರು ಒಂದು ಚಿಟಿಕೆಯನ್ನು ತಂಬಿಗೆಯ ನೀರಿನ ಮೇಲೆ ಉದುರಿಸಿದರು. ತೇಲಿತು. ಹಿರಿಯರು ‘ಭಾಳ ಛಲೋ’ ಎಂದರು. ಅಣ್ಣ ನನ್ನ ಕಡೆ, ಈಗಾದರೂ ನೋಡು ಎಂಬಂತೆ ನೋಡಿದ.

ಆಮೇಲೆ ತಟ್ಟೆಗೆ ನಿಂಬೆ ಹಿಂಡಿ, ಬೂದಿಯಿಂದ ಉಜ್ಜಿ ಕೆಂಪಗೆ ಮಾಡಿದರು. ಇನ್ನೊಂದು ಚಿಟಿಕೆ ಪುಡಿ ಹಾಕಿ ಹೆಬ್ಬೆರಳಿನಿಂದ ತಿಕ್ಕಿದರು. ತಿಕ್ಕಿದ ಹಾಗೆ ಕೆಂಪು ತಾಮ್ರದ ಮೇಲೆ ಬೆರಳಗಲದ ಬಿಳಿ ಗೆರೆ ಮೂಡಿತು. ಬಿಸಿಲಿಗೆ ಹಿಡಿದರು, ಬೆಳ್ಳಿಯ ಹಾಗೆ ಹೊಳೆಯಿತು.

“ನೋಡ್ರಿ!” ವಿರೂಪಣ್ಣನವರ ಮುಖ ಅರಳಿತ್ತು. “ತಾಮ್ರಾ ಬೆಳ್ಳಿ ಆತು. ಗುರುಗಳು ಹಿಂಗ ತಿಕ್ಕಿ, ಹಿಂಗ ಬಿಸಿಲಿಗೆ ಹಿಡದು ತೋರಸ್ತಿದ್ರು. ನನ್ನ ಕಣ್ಣಾಗ ಇನ್ನೂ ಐತಿ. ರಸ ಸಿದ್ಧ ಆಗೇತಿ. ಮೊದಲನೇ ತುತ್ತು ನಂದು.” ಪೊಟ್ಟಣದಿಂದ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬಾಯಿಗೆ ಒಯ್ದರು.

“ಏ ವಿರೂಪ್ಯಾ! ಚೆಲ್ಲೋ!”

ಶಿವಗಂಗವ್ವ ಯಾವಾಗ ಎದ್ದಳೋ, ಯಾವಾಗ ಬಂದಳೋ ಕಾಣಲಿಲ್ಲ. ಅವಳ ಕಡ್ಡಿ ವೈದ್ಯರ ಮಣಿಕಟ್ಟಿಗೆ ಬಿತ್ತು. ಪುಡಿ ಜಮಖಾನದ ಮೇಲೆ ಚೆಲ್ಲಿತು.

“ಅಕ್ಕಾ, ಯಾಕ ಹೊಡದಿ?”

“ಸಾಯ್ತಿದ್ಯಲ್ಲೋ, ಅದಕ್ಕ ಹೊಡದೆ. ಯಾವಾಗ ನೋಡಿದ್ಯೋ ನೀ ಮಾವ ತಾಮ್ರಾ ತಿಕ್ಕಿದ್ದು?”

“ಅಂಗಳದಾಗಿಂದ. ನಾ ಕುಳ್ಳಿನ ಬೆಂಕಿ ನೋಡಾಕತ್ತಿದ್ದೆ. ಪಡಸಾಲ್ಯಾಗ ನೀ ಕುಂತಿದ್ದಿ. ಗುರುಗಳು ತಟ್ಟಿ ತಿಕ್ಕಿ, ಬೆಳ್ಳಗ ಆಗಿದ್ದು ನಿನಗ ತೋರಿಸಿದ್ರು. ನಕ್ಕರು.”

“ನಕ್ಕರು!” ಅವ್ವನ ಧ್ವನಿ ಒಡೆಯಿತು. “ನನ್ನ ಕೈ ಕೆಲಸ ಕೆಟ್ಟಿತ್ತು ಅಂತ ನಕ್ಕರೋ. ಬೆಳ್ಳಗ ಬಂದ್ರ ಪಾದರಸ ಇನ್ನೂ ಹಸಿ ಐತಿ ಅಂತ ಅರ್ಥ, ಗಂಧಕದಾಗ ಕೂಡಿಲ್ಲ ಅಂತ. ತಾಮ್ರಾ ಕೆಂಪಗ ಉಳೀಬೇಕು. ಆವತ್ತು ನಾ ಅತ್ತೆ. ಮತ್ತ ಕಲ್ವ ನನ್ನ ಮುಂದ ಸರಿಸಿ, ಅರಿ ಅಂದ್ರು. ತೋಳು ಬೀಳೂ ತನಕ ಅರದೆ.”

“ನೀರಾಗ ತೇಲಿತಲ್ಲ, ಅವ್ವಾ” ಎಂದ ಒಬ್ಬ ಹಿರಿಯ.

“ನುಣ್ಣಗಿದ್ದದ್ದು ಏನಿದ್ರೂ ತೇಲತೈತಿ. ತೇಲಿದ್ದೆಲ್ಲಾ ಔಷಧ ಆಗಿದ್ರ ಹಿಟ್ಟೂ ಔಷಧ. ಅದಕ್ಕ ಅಲ್ಲೇನ ಅವರು ಎರಡನೇದು ಇಟ್ಟಿದ್ದು!”

ವಿರೂಪಣ್ಣನವರು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆ ಬಿಳಿ ಗೆರೆಯನ್ನು ನೋಡುತ್ತಿದ್ದರು. ಅವರು ಮೋಸಗಾರರಲ್ಲ. ಮೋಸಗಾರನಾಗಿದ್ದರೆ ತಿನ್ನಲು ಹೋಗುತ್ತಿರಲಿಲ್ಲ. ಎಂಟು ವರ್ಷ ಅಂಗಳದಲ್ಲಿ ನಿಂತು, ಒಳಗಿನದನ್ನು ಕಣ್ಣಿನಿಂದ ಕಲಿತಿದ್ದರು; ಮಾತು ಅಲ್ಲಿಯವರೆಗೆ ಕೇಳಿಸಿರಲಿಲ್ಲ.

ಮಾಸ್ತರರು ಮೆಲ್ಲಗೆ ಕೇಳಿದರು. “ವೈದ್ಯರ, ಗುರುಗಳ ಎದುರಿಗೆ ಕುಂತು ಪಾಠ ಹೇಳಿಸಿಕೊಂಡ್ರೇನು?”

ವಿರೂಪಣ್ಣನವರು ತಟ್ಟೆಯನ್ನು ಕೆಳಗಿಟ್ಟರು. “ಬೇರು, ಎಲಿ, ಕಷಾಯ ಹೇಳಿಕೊಟ್ರು. ಬಾಯಿಪಾಠ ಒಪ್ಪಿಸೀನಿ. ರಸದ್ದು... ಕುಂಡ್ರಿಸಲಿಲ್ಲ. ನೋಡಿದೆ. ನೋಡಿದ್ರ ಬಂತು ಅಂದುಕೊಂಡೆ.” ಆಮೇಲೆ, “ನನ್ನ ಹೆಸರು ತಗೀತೀರೇನ್ರಿ?”

“ಯಾಕ ತಗೀಲಿ? ಕಷಾಯ ಓದಿ ಒಪ್ಪಿಸೀರಿ, ಅದು ಬರ್ತದ. ರಸ ಬರೂದಿಲ್ಲ.” ಮಾಸ್ತರರು ಶಿವಗಂಗವ್ವನ ಕಡೆ ತಿರುಗಿದರು. “ಅವ್ವಾ, ನೀವು ಮನ್ಯಾಗಿದ್ದೆ ಅಂತ ಅಷ್ಟ ಹೇಳಿದ್ರಿ. ಅನುಜ್ಞೆ ಆಗಿತ್ತೇನು?”

“ಆಗಿತ್ತು. ಮಾವನ ಕಡೇ ವರ್ಷ. ಈ ಮೂವರೂ ಆವತ್ತು ಪಡಸಾಲ್ಯಾಗ ಇದ್ರು, ಕೇಳ್ರಿ.” ಹಿರಿಯರು ಮೂವರೂ ಹೌದೆಂದರು, ಹೆಣ್ಣುಮಗಳ ಹೆಸರು ಶಿಷ್ಯರ ಸಾಲಿಗೆ ಬರುತ್ತದೆಂದು ಅವರಿಗೆ ತೋಚಿರಲೇ ಇಲ್ಲ, ಅದಕ್ಕೇ ಹೇಳಿರಲಿಲ್ಲ. ಶಿವಗಂಗವ್ವ ಮುಂದುವರಿಸಿದಳು. “ಅವರು ಹೋದ ಮ್ಯಾಲೆ ನಾ ಕಲ್ವ ಮುಟ್ಟಿಲ್ಲ. ಒಂದು ತಪ್ಪಿದ್ರ ಒಂದು ಜೀವ. ನನ್ನ ತಪ್ಪು ನೋಡಿ ನಗೂರು ಯಾರು ಉಳದಿದ್ರು? ಮಾಡದವಳು ಯಾಕ ಹೇಳಿಕೋಬೇಕು ಅಂತ ಸುಮ್ನಿದ್ದೆ. ಸುಮ್ನಿದ್ದದ್ದು ತಪ್ಪಾತು.”

ಅಣ್ಣ ಗೋಡೆಯಿಲ್ಲದ ಕಡೆ ನನ್ನ ಹೆಗಲು ಹಿಡಿದು ಎದ್ದ. ಖಾಲಿ ಪೊಟ್ಟಣವನ್ನು ಮಡಚಿ ಗದ್ದಿಗೆಯ ಮುಂದೆ ಇಟ್ಟ. “ಮೊಣಕಾಲು ಹಿಂಗ ಇರ್ಲಿ ಬಿಡು” ಎಂದ. ಅಷ್ಟೇ. ಶಿವಗಂಗವ್ವ ಅವನ ಕೀಲು ಒತ್ತಿ ನೋಡಿ, ಎಣ್ಣೆ ಕಾಸಿ ಹಚ್ಚುವ ಕ್ರಮ ಹೇಳಿದಳು, ಜತೆಗೆ ಪಥ್ಯ. ಪೂರ್ಣ ಗುಣವಾಯಿತೆಂದು ನಾನು ಹೇಳಲಾರೆ. ಆದರೆ ಅವನು ಮುಂದೆ ಬಹಳ ವರ್ಷ ಬದುಕಿದ, ಕುಂಟುತ್ತ, ನನ್ನನ್ನು ಬೈಯುತ್ತ.

ವಿರೂಪಣ್ಣನವರು ಮರುದಿನವೇ ಗಂಗಾವತಿಗೆ ಹೋಗಿ, ಕೊಟ್ಟ ಪುಡಿಯನ್ನೆಲ್ಲ ಮನೆ ಮನೆಗೆ ಹೋಗಿ ತಿರುಗಿ ತೆಗೆದುಕೊಂಡರು. ಶಿವಗಂಗವ್ವನನ್ನು ಚಕ್ಕಡಿ ಕಟ್ಟಿಸಿ ಗಾಣಿಗರ ಮನೆಗೆ ಕರೆದೊಯ್ದವರೂ ಅವರೇ. ಆ ಮನುಷ್ಯನ ಜೊಲ್ಲು ನಿಂತಿತು. ಮುಂದಿನ ನಾಲ್ಕು ಹಲ್ಲು ಉಳಿಯಲಿಲ್ಲ. ತಪ್ಪಾಯಿತು ಎಂದು ಅವನ ಅಂಗಳದಲ್ಲಿ ನಿಂತು ಎಲ್ಲರ ಎದುರು ಹೇಳಿದರಂತೆ. ಹೆಸರು ಗಳಿಸಿದವನು ಹಾಗೆ ಹೇಳುವುದು ತುತ್ತು ತಿನ್ನುವುದಕ್ಕಿಂತ ಕಷ್ಟ.

ನಾನು ಕೊಪ್ಪಳಕ್ಕೆ ಬಂದು ಗ್ಯಾಲಿ, ಅಂದರೆ ಕಟ್ಟಿದ ಸಾಲುಗಳನ್ನಿಡುವ ತಟ್ಟೆ, ಮುಂದಿಟ್ಟುಕೊಂಡು ಕೂತೆ. ವಿರೂಪಣ್ಣನವರ ಸಾಲು ಬಿಚ್ಚಿದೆ. ‘ತಾವೇ ಹೇಳುವಂತೆ’ ಹೊರಗೆ ಬಂತು, ‘ರಸಶಾಸ್ತ್ರವನ್ನು ಓದಿ ಒಪ್ಪಿಸಿ ಅನುಜ್ಞೆ ಪಡೆದರು’ ಎಂಬುದೂ ಹೊರಗೆ ಬಂತು. ಅವರ ಹೆಸರಿನ ಮುಂದೆ ‘ಬಳಿಯಲ್ಲಿದ್ದು ಕಾಷ್ಠೌಷಧಿಗಳನ್ನು ಓದಿ ಒಪ್ಪಿಸಿದರು’ ಎಂದು ಕಟ್ಟಿದೆ. ಕಾಷ್ಠೌಷಧಿ ಎಂದರೆ ಬೇರು, ಎಲೆ, ತೊಗಟೆಯ ಮದ್ದು. ಆಮೇಲೆ ಶಿವಗಂಗವ್ವನ ಸಾಲು. ನಮ್ಮ ಪೆಟ್ಟಿಗೆಯಲ್ಲಿ ‘ಜ್ಞ’ದ ಮೊಳೆಗಳು ಆ ಕಾಲಕ್ಕೆ ಬಹಳ ಕಡಿಮೆ, ಹುಡುಕಿದರೆ ಒಂದೂ ಸಿಗಲಿಲ್ಲ. ಇದ್ದದ್ದು ಆಗಷ್ಟೇ ಬಿಚ್ಚಿ ಬದಿಗಿಟ್ಟಿದ್ದ ಆ ತುಂಡಿನಲ್ಲಿ. ಅದನ್ನೇ ಎತ್ತಿ, ಒಂದು ಅಕ್ಷರವನ್ನೂ ಬದಲಿಸದೆ, ಅವಳ ಹೆಸರಿನ ಮುಂದೆ ಇಟ್ಟು ಬಿಗಿದೆ.

ಸೀಸ ಅದೇ, ಶಬ್ದ ಅವೇ. ಕೆಳಗಿನ ಸಾಲಿಗೆ ಇಳಿದು ನಿಜವಾದವು.

ಅದರ ನಂತರ ಮೂವತ್ತು ವರ್ಷ ಮೊಳೆ ಜೋಡಿಸಿದೆ. ಅಚ್ಚಾದ ಮಾತನ್ನು ನಮ್ಮ ಜನ ನಂಬುತ್ತಾರೆ, ಅಣ್ಣ ನಂಬಿದ ಹಾಗೆ, ಗೋಡೆ ಹಿಡಿದು ಏಳುವವರು ಗೋಡೆಯನ್ನು ನಂಬುವ ಹಾಗೆ. ಯಾರ ಕೆಲಸವನ್ನೇ ಜೋಡಿಸಲಿ, ಒಬ್ಬರು ಒಂದನ್ನು ‘ಬಲ್ಲರು’ ಎಂಬ ಶಬ್ದ ಬಂದಾಗ ನನ್ನ ಕೈ ಅರೆಗಳಿಗೆ ನಿಲ್ಲುತ್ತಿತ್ತು. ಅಚ್ಚುಕೂಟದ ಮಾಲಕರು ಕೇಳುತ್ತಿದ್ದರು, ಯಾಕ ನಿಂತ್ಯೋ ದ್ಯಾಮಣ್ಣ ಎಂದು.

“ಏನಿಲ್ರಿ, ತಾಮ್ರದ ಮ್ಯಾಲೆ ತಿಕ್ಕಿ ನೋಡಾಕತ್ತೀನಿ” ಎನ್ನುತ್ತಿದ್ದೆ.